ಬೂಸ್ಟು ಹಿಡಿದ ನೆಗೆಟಿವ್‌ಗೆ ನೀರು ಮುಟ್ಟಿಸಬೇಡಿ

ಪ್ರಶ್ನೆ: 1989ರ ನಮ್ಮ ಮದುವೆ ಆಲ್ಬಮ್ಮು, ನೆಗೆಟಿವ್‌ಗಳು ಗೋಡೆಗೆ ತಾಗಿಸಿಟ್ಟ ಬೀರುವಿನಲ್ಲಿದ್ದವು. ಈ ಮಳೆಗಾಲದಲ್ಲಿ ತೆಗೆದು ನೋಡಿದರೆ ನೆಗೆಟಿವ್ ಮೇಲೆ ಬಿಳಿ ಬಲೆಯಂಥ ಬೂಸ್ಟು, ಫೋಟೊಗಳು ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿವೆ. ನೀರಲ್ಲಿ ನೆನೆಸಿ ಬಿಡಿಸಬಹುದೇ? ಮುಂದೆ ಹೇಗಿಡಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ನೀರು ಬೇಡವೇ ಬೇಡ. ಚಿತ್ರ ಕೂತಿರುವುದು ಜೆಲಟಿನ್ ಎಂಬ ತೆಳು ಪದರದಲ್ಲಿ, ಬೂಸ್ಟಿಗೆ ಅದೇ ಆಹಾರ. ಅದು ತಿಂದ ಕಡೆ ಜೆಲಟಿನ್ ನೀರಿಗೆ ಕರಗುವ ಹಾಗಾಗಿರುತ್ತದೆ. ಒದ್ದೆ ಬಟ್ಟೆ ಎಳೆದರೆ ಮದುಮಗಳ ಮುಖವೇ ಬಟ್ಟೆಗೆ ಬಂದುಬಿಡುತ್ತದೆ.

ಮೊದಲು ನೆಗೆಟಿವ್ ಉಳಿಸಿಕೊಳ್ಳಿ. ಅದು ಚೆನ್ನಾಗಿದ್ದರೆ ಹೊಸ ಪ್ರಿಂಟ್ ಹಾಕಿಸಬಹುದು. ಹಳೆಯ ಕವರಿನಿಂದ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ವಾರ ಇಡಿ. ಬಿಸಿಲಿಗೂ ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ, ಫಿಲ್ಮು ಸುರುಳಿಯಾಗುತ್ತದೆ. ಒಣಗಿದ ಬೂಸ್ಟು ಪುಡಿಯಾಗುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯಿಂದ ಹೊರಗೆ ಮೆತ್ತನೆಯ ಬ್ರಶ್‌ನಲ್ಲಿ ಕೊಡವಿ. ಮಸುಕು ಉಳಿದಿದ್ದರೆ 99% ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ತಾಗಿಸಿ, ಚಿತ್ರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿ, ಒತ್ತದೆ ಒರೆಸಿ. ಮೆಡಿಕಲ್ ಶಾಪಿನ 70%ದ್ದು ಬೇಡ, ಅದರಲ್ಲಿ ಉಳಿದದ್ದೆಲ್ಲ ನೀರೇ. ಬೂಸ್ಟು ಕೊರೆದ ಗೆರೆಗಳು ಮಾತ್ರ ಹೋಗುವುದಿಲ್ಲ.

ಪ್ಲಾಸ್ಟಿಕ್ಕಿಗೆ ಅಂಟಿದ ಫೋಟೊಗಳನ್ನು ಕೀಳಬೇಡಿ. ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ, ಹಾಗೆಯೇ ಬಿಡಿ.

ಇನ್ನು ಇಡುವ ವಿಚಾರ. ಗಾಳಿಯ ತೇವಾಂಶ 65% ದಾಟಿದರೆ ಬೂಸ್ಟು ಬೆಳೆಯುತ್ತದೆ. ನಮ್ಮ ಜಡಿಮಳೆಯಲ್ಲಿ ಮನೆಯೊಳಗೇ 80% ಮೀರುವುದು ಸಾಮಾನ್ಯ. ಆದ್ದರಿಂದ ಕೋಣೆಯನ್ನಲ್ಲ, ಡಬ್ಬಿಯನ್ನು ಒಣದಾಗಿಡಿ. ರಬ್ಬರ್ ಪಟ್ಟಿಯ ಮುಚ್ಚಳವಿರುವ, ತಳದಲ್ಲಿ 5 ಎಂಬ ಗುರುತಿನ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಹತ್ತು ಲೀಟರಿನದಕ್ಕೆ ಸುಮಾರು 200 ಗ್ರಾಂ ಜೆಲ್ ಬಟ್ಟೆಚೀಲದಲ್ಲಿ ಹಾಕಿ, ಚಿತ್ರಕ್ಕೆ ತಾಗದಂತೆ ಇಡಿ. ಚಿಕ್ಕ ತೇವಮಾಪಕವೂ ಒಳಗಿರಲಿ, 30ರಿಂದ 50ರೊಳಗೆ ತೋರಿಸಬೇಕು.

ಅನೇಕರು ಎಡವುವುದು ತುಂಬುವ ಕಾಲದಲ್ಲಿ. ಆಷಾಢದಲ್ಲಿ ಮುಚ್ಚಿಟ್ಟ ಆಲ್ಬಮ್ಮಿನ ರಟ್ಟಿನೊಳಗೇ ನೀರಿನಂಶ ಇರುತ್ತದೆ, ಜೆಲ್ ಕೆಲವೇ ದಿನಕ್ಕೆ ಸೋಲುತ್ತದೆ. ಫೆಬ್ರುವರಿಯ ಒಣಹವೆಯಲ್ಲಿ ಆಲ್ಬಮ್ಮನ್ನು ನೆರಳಲ್ಲಿ ಬಿಚ್ಚಿಟ್ಟು, ಮಧ್ಯಾಹ್ನ ತುಂಬಿ ಮುಚ್ಚಿ. ಅಲ್ಲಿಯವರೆಗೆ ಜೆಲ್ಲನ್ನು ಆಗಾಗ ಬದಲಿಸುತ್ತಿರಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಬಣ್ಣ ಮಾಸುವುದು ಬೇರೆ ಕಥೆ. ಕತ್ತಲಲ್ಲಿಟ್ಟರೂ ಶಾಖಕ್ಕೆ ಬಣ್ಣ ಇಳಿಯುತ್ತದೆ, ಜೆಲ್ ಅದನ್ನು ತಡೆಯದು. ಹೆಂಚಿನಡಿಯ ಅಟ್ಟ ಬಿಟ್ಟು ನಡುಮನೆಯ ಒಳಗೋಡೆಯ ಕಪಾಟಿನಲ್ಲಿಡಿ, ಹೊರಗೋಡೆಗೆ ತಾಗಿಸಬೇಡಿ. ನುಸಿಗುಳಿಗೆ ಹಾಕಬೇಡಿ. ಯಾವುದಾದರೂ ನೆಗೆಟಿವ್ ವಿನೆಗರ್ ವಾಸನೆ ಬಂದರೆ ಅದರ ಫಿಲ್ಮೇ ಕೊಳೆಯುತ್ತಿದೆ ಎಂದರ್ಥ. ಅದನ್ನು ಬೇರೆಯಾಗಿ ಕಾಗದದ ಕವರಿನಲ್ಲಿಟ್ಟು, ಎಲ್ಲಕ್ಕಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.