ಹೈದರಾಬಾದಿನ ಮೇಜಿನಿಂದ ತಲಪಾಡಿ ಕಾಣುವುದಿಲ್ಲ

ಪ್ರಶ್ನೆ: ನಾನು ಹೈದರಾಬಾದಿನ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಮಂಜೇಶ್ವರದ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಟೀಚರ್. ಅಮ್ಮನಿಗೆ ಮಂಗಳೂರಿನಲ್ಲಿ ಡಯಾಲಿಸಿಸ್. ಮಂಗಳೂರಿಗೆ ಟ್ರಾನ್ಸ್‌ಫರ್ ಕೇಳಿ ಪ್ರಾಪರ್ ಚಾನೆಲ್ ಮೂಲಕ ಅರ್ಜಿ ಕೊಟ್ಟು ಐದು ತಿಂಗಳಾಯಿತು, ಉತ್ತರವಿಲ್ಲ. ಎಂಪಿ ಕಡೆಯಿಂದ ಒಂದು ಪತ್ರ ಹಾಕಿಸು ಅಂತ ಎಲ್ಲರೂ ಹೇಳುತ್ತಾರೆ. ಹಾಕಿಸಲೇ? ಅರ್ಜಿಯ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.
– ಮಂಜೇಶ್ವರದ ಒಬ್ಬ ಓದುಗ

ಉತ್ತರ: ಬೇಡ. ಅಂಥ ಪತ್ರದಿಂದ ಫೈಲು ಅಲ್ಲಾಡುವುದು ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 20ನೆಯದು, ಸೇವಾ ವಿಷಯಕ್ಕೆ ರಾಜಕೀಯದವರ ಅಥವಾ ಹೊರಗಿನವರ ಒತ್ತಡ ತರಬಾರದು ಅಂತಲೇ ಇದೆ. ನಾಳೆ ನಿಮ್ಮಿಂದಲೇ ವಿವರಣೆ ಕೇಳಿದರೆ ಅಮ್ಮನ ವಿಷಯ ಹಿಂದೆ ಬಿದ್ದು ಆ ಪತ್ರದ ವಿಷಯ ಮುಂದೆ ಬರುತ್ತದೆ.

ಈಗ ನಿಮ್ಮ ಅರ್ಜಿ. ಬೇಸರ ಮಾಡಿಕೊಳ್ಳಬೇಡಿ, ಎರಡು ಪುಟ ಪೂರ್ತಿ ಕಷ್ಟ ತೋಡಿಕೊಂಡಿದ್ದೀರಿ, ‘ದಯವಿಟ್ಟು’ ಆರು ಸಲ ಬಂದಿದೆ. ಆದರೆ ಮಂಜೇಶ್ವರದಿಂದ ಮಂಗಳೂರಿಗೆ ಎಷ್ಟು ದೂರ ಅಂತ ಒಂದು ಕಡೆಯೂ ಇಲ್ಲ. ನಿಮ್ಮ ಅರ್ಜಿ ಮುಗ್ಗರಿಸುವುದು ಅಲ್ಲೇ.

ಗಂಡ ಹೆಂಡತಿಯನ್ನು ಒಂದೇ ಊರಲ್ಲಿ ಇಡುವ ಬಗ್ಗೆ ಕೇಂದ್ರದ ಸಿಬ್ಬಂದಿ ಇಲಾಖೆ 2009ರ ಸೆಪ್ಟೆಂಬರ್ 30ರಂದು ಆದೇಶ ಹೊರಡಿಸಿದೆ. ಒಬ್ಬರು ಕೇಂದ್ರ, ಇನ್ನೊಬ್ಬರು ರಾಜ್ಯ ಸರಕಾರದಲ್ಲಿದ್ದರೆ, ಕೇಂದ್ರದವರು ಅರ್ಜಿ ಹಾಕಬಹುದು. ಅವರನ್ನು ಆ ಊರಿಗೆ, ಅಲ್ಲಿ ಹುದ್ದೆ ಇಲ್ಲದಿದ್ದರೆ ಆ ರಾಜ್ಯಕ್ಕೆ ಹಾಕಬಹುದು. ಗಮನಿಸಿ, ಆ ರಾಜ್ಯಕ್ಕೆ. ನಿಮ್ಮವರು ಕೇರಳದಲ್ಲಿ, ನೀವು ಕೇಳಿದ್ದು ಕರ್ನಾಟಕ. ಹೈದರಾಬಾದಿನಲ್ಲಿ ಕೂತ ಅಧಿಕಾರಿಗೆ ಎರಡು ರಾಜ್ಯಗಳ ಗಡಿಯ ನಮ್ಮ ತಲಪಾಡಿ ಗೊತ್ತಿಲ್ಲ. ಹೆಂಡತಿ ಕೇರಳದಲ್ಲಿ, ಇವನಿಗೆ ಮಂಗಳೂರು ಯಾಕೆ ಅಂತ ಅವರು ಫೈಲು ಬದಿಗಿಟ್ಟರೆ ತಪ್ಪು ಅವರದಲ್ಲ, ಅಲ್ವಾ?

ಹಾಗಾಗಿ ಎರಡನೇ ಪ್ಯಾರಾ ಹೀಗಿರಲಿ: ‘ನನ್ನ ಪತ್ನಿ ಕೇರಳ ಸರಕಾರದ ಕನ್ನಡ ಮಾಧ್ಯಮ ಶಿಕ್ಷಕಿ. ಇಂಥ ಹುದ್ದೆಗಳು ಬಹುಮಟ್ಟಿಗೆ ಕಾಸರಗೋಡು ಜಿಲ್ಲೆಯಲ್ಲೇ ಇರುವುದರಿಂದ ಅವರು ನನ್ನಲ್ಲಿಗೆ ಬರುವಂತಿಲ್ಲ. ಮಂಗಳೂರು ಬೇರೆ ರಾಜ್ಯದಲ್ಲಿದ್ದರೂ ಅವರ ಶಾಲೆಯಿಂದ ಸುಮಾರು 20 ಕಿಲೋಮೀಟರ್, ದಿನಾ ಮನೆಯಿಂದ ಹೋಗಿ ಬರಬಹುದು. ಕೇರಳದಲ್ಲಿ ನಮ್ಮ ಇಲಾಖೆಯ ಹತ್ತಿರದ ಕಚೇರಿ ಕಣ್ಣೂರಿನಲ್ಲಿದೆ, ಅದು 100 ಕಿಲೋಮೀಟರಿಗೂ ಜಾಸ್ತಿ.’ ಆಮೇಲೆ ಅಮ್ಮನ ವಿಷಯ: ವಾರಕ್ಕೆ ಎಷ್ಟು ಸಲ ಡಯಾಲಿಸಿಸ್, ಯಾವ ಆಸ್ಪತ್ರೆ, ಯಾರು ಕರೆದುಕೊಂಡು ಹೋಗುತ್ತಾರೆ. ಡಾಕ್ಟರ ಸರ್ಟಿಫಿಕೇಟ್, ಹೆಂಡತಿಯ ಶಾಲೆಯ ಪತ್ರ ಲಗತ್ತಿಸಿ. ಮಲಯಾಳದ ಕಾಗದ ಇದ್ದರೆ ಇಂಗ್ಲಿಷ್ ಅನುವಾದ ಸೇರಿಸಿ, ಅಲ್ಲಿ ಅದನ್ನು ಓದುವವರು ಯಾರಿದ್ದಾರೆ? ಕೊನೆಗೆ, ಸ್ವಂತ ಕೋರಿಕೆಯ ವರ್ಗಕ್ಕೆ ಪ್ರಯಾಣ ಭತ್ಯೆ ಸಿಗದು, ಬೇರೆ ವಲಯಕ್ಕೆ ಹೋದರೆ ಸೀನಿಯಾರಿಟಿಯೂ ಕೆಳಗಿಳಿಯಬಹುದು. ಅದಕ್ಕೆ ಒಪ್ಪಿಗೆ ಇದೆಯಾ ಅಂತ ಮನೆಯಲ್ಲಿ ಕೂತು ಮಾತಾಡಿ. ಇದ್ದರೆ ಅದನ್ನೂ ಬರೆಯಿರಿ. ಒಂದು ಪುಟ ಸಾಕು.

ಆದರೆ ಈ ಆದೇಶ ಹಕ್ಕು ಅಂತ ತಿಳಿಯಬೇಡಿ. ಎಸ್.ಎಲ್. ಅಬ್ಬಾಸ್ ಪ್ರಕರಣದಲ್ಲಿ, ಹೆಂಡತಿಯೂ ಶಿಲ್ಲಾಂಗಿನಲ್ಲೇ ಕೆಲಸದಲ್ಲಿದ್ದ ಒಬ್ಬ ನೌಕರರನ್ನು ಅಲ್ಲಿಂದ ವರ್ಗ ಮಾಡಿದ್ದರು. ಇಂಥ ಮಾರ್ಗಸೂಚಿ ಕಾನೂನಿನ ಹಕ್ಕು ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. ಆದರೆ ನೌಕರ ಮನವಿ ಕೊಟ್ಟರೆ ಅಧಿಕಾರಿ ಅದನ್ನು ಪರಿಶೀಲಿಸಬೇಕು ಅಂತಲೂ ಹೇಳಿತು. ಪರಿಶೀಲಿಸಬೇಕಾದರೆ ಅರ್ಜಿ ಅವರ ಮೇಜಿಗೆ ತಲುಪಿರಬೇಕಲ್ಲ!

ಪತ್ರಿಕೆಗೆ ಬರುವ ಮೊದಲು ನಾನೂ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಪ್ಪ ಹಾಸಿಗೆ ಹಿಡಿದಾಗ ವರ್ಗ ಕೇಳಿದೆ. ನಾಲ್ಕು ತಿಂಗಳು ಮೇಲಿನವರನ್ನು ಬೈದುಕೊಂಡು ತಿರುಗಿದೆ. ನೋಡಿದರೆ ಅರ್ಜಿ ನಮ್ಮದೇ ಸೆಕ್ಷನ್ನಿನಲ್ಲಿ, ನನ್ನಿಂದ ಮೂರು ಮೇಜು ಆಚೆ, ಫಾರ್ವರ್ಡಿಂಗ್ ಪತ್ರ ಟೈಪಾಗದೆ ಬಿದ್ದಿತ್ತು. ‘ಆಗುವುದಿಲ್ಲ’ ಅಂತ ಬರೆದಿದ್ದರೆ ನಾನು ಬೇರೆ ದಾರಿ ನೋಡುತ್ತಿದ್ದೆ. ಅರ್ಜಿ ಅಲ್ಲಿಂದ ಹೊರಡುವ ಹೊತ್ತಿಗೆ ಅಪ್ಪ ಇರಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಅದಕ್ಕೇ ಕೇಳುತ್ತೇನೆ, ನಿಮ್ಮ ಕಚೇರಿಯಿಂದ ಅರ್ಜಿ ಹೊರಟಿದೆಯಾ? ಡಿಸ್ಪ್ಯಾಚ್ ನಂಬರು, ತಾರೀಕು ಕೇಳಿ. ನಿಮ್ಮ ಅಧಿಕಾರಿ ‘ಶಿಫಾರಸು ಮಾಡಿದೆ’ ಅಂತ ಬರೆದಿದ್ದಾರಾ, ಇಲ್ಲ ಸುಮ್ನೆ ದಾಟಿಸಿದ್ದಾರಾ ಅಂತಲೂ ಕೇಳಿ. ಅವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡುವುದು ಚಾನೆಲ್ ತಪ್ಪಿಸಿದಂತಲ್ಲ.

ಗಡಿಯವರ ಪಾಡೇ ಹೀಗೆ. 1956ರಲ್ಲಿ ಗೆರೆ ಎಳೆದರು, ನಮ್ಮ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲ ಆಚೆ ಉಳಿಯಿತು. 2020ರಲ್ಲಿ ತಲಪಾಡಿ ಮುಚ್ಚಿದಾಗ ಕಾಯಿಲೆಯವರು ಗಡಿಯಲ್ಲೇ ನಿಂತರು. ಅಷ್ಟಾದರೂ ನಾವು ಅರ್ಜಿಯಲ್ಲಿ ಗೋಗರೆಯುತ್ತೇವೆ, ನಮ್ಮ ಊರು ಎಲ್ಲಿದೆ ಅಂತ ಮಾತ್ರ ಬರೆಯುವುದಿಲ್ಲ.

ಮೊದಲಿನ ಅರ್ಜಿಯ ತಾರೀಕು ಹಾಕಿ, ಈ ಹೊಸದನ್ನು ಅದೇ ದಾರಿಯಲ್ಲಿ ಕಳಿಸಿ. ಡಿಸ್ಪ್ಯಾಚ್ ನಂಬರು ಸಿಕ್ಕಿದ ದಿನ ನನಗೊಂದು ಕಾರ್ಡು ಹಾಕಿ.