ದಂಡ ಕಟ್ಟಿದ ಮಾತ್ರಕ್ಕೆ ಡಿಎಲ್ ಕೈಗೆ ಬರುವುದಿಲ್ಲ

ಪ್ರಶ್ನೆ: ಶನಿವಾರ ರಾತ್ರಿ ಮೈಸೂರಿನ ರಿಂಗ್ ರಸ್ತೆಯಲ್ಲಿ ಸ್ಕೂಟರ್ ತಡೆದು ಊದಿಸಿದರು. 72 ಎಂದು ಬಂತು. ಡಿಎಲ್ ಇಟ್ಟುಕೊಂಡು ಚೀಟಿ ಕೊಟ್ಟಿದ್ದಾರೆ. ಕೋರ್ಟಿನಲ್ಲಿ ದಂಡ ಕಟ್ಟಿದರೆ ಮುಗಿಯಿತಲ್ಲವೇ? ಅಲ್ಲಿಯವರೆಗೆ ಚೀಟಿ ತೋರಿಸಿ ಗಾಡಿ ಓಡಿಸಬಹುದೇ?

ಓಡಿಸಬೇಡಿ. ಬೇರೆ ಕೆಲವು ಪ್ರಕರಣಗಳಲ್ಲಿ ಪೊಲೀಸರು ಕೊಡುವ ಸ್ವೀಕೃತಿ ಚೀಟಿಯೇ ತಾತ್ಕಾಲಿಕ ಡಿಎಲ್ ಆಗುತ್ತದೆ, ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಕುಡಿದು ಓಡಿಸಿದ್ದಕ್ಕಾಗಿ 206(4)ನೇ ಕಲಮಿನಡಿ ಡಿಎಲ್ ವಶಪಡಿಸಿಕೊಂಡಿದ್ದರೆ ಆ ಚೀಟಿಯಿಂದ ಗಾಡಿ ಓಡಿಸುವ ಹಕ್ಕು ಬರುವುದಿಲ್ಲ. ನನ್ನ ಬಳಿ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ನಿಮ್ಮ ಮೇಲೆ ಈಗ ಎರಡು ಪ್ರಕ್ರಿಯೆಗಳು ನಡೆಯುತ್ತವೆ. ಒಂದು ಕೋರ್ಟಿನಲ್ಲಿ. ಮಿತಿ ಇರುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ನಿಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚು. ಇದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಅಪರಾಧವಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಮೊದಲ ಬಾರಿಗೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಶಿಕ್ಷೆಯಾದರೆ ನ್ಯಾಯಾಧೀಶರು ಇದರ ಜೊತೆಗೆ ಕನಿಷ್ಠ 6 ತಿಂಗಳು ಡಿಎಲ್ ಹೊಂದದಂತೆ ಅನರ್ಹಗೊಳಿಸಲೇಬೇಕು.

ಇನ್ನೊಂದು ಆರ್‌ಟಿಒ ಕಚೇರಿಯಲ್ಲಿ. ನಿಮ್ಮ ಡಿಎಲ್ ಅಲ್ಲಿಗೆ ಹೋಗುತ್ತದೆ. ಅವರು ನಿಮ್ಮ ಮಾತು ಕೇಳಿದ ಮೇಲೆ ಮೊದಲ ಅಪರಾಧಕ್ಕೆ 3 ತಿಂಗಳು ಅನರ್ಹಗೊಳಿಸಬಹುದು. ನೋಟಿಸ್ ಬಂದರೆ ಸುಮ್ಮನಿರಬೇಡಿ, ಲಿಖಿತ ಉತ್ತರ ಕೊಡಿ. ಆದೇಶ ವಿರುದ್ಧವಾಗಿ ಬಂದರೆ ಮೇಲ್ಮನವಿಗೆ 30 ದಿನ ಇದೆ.

ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯಬಹುದು. ಆದರೆ ಅದು ಶಿಕ್ಷೆಯಾಗಿ ದಾಖಲಾಗುತ್ತದೆ. ಮತ್ತೆ ಸಿಕ್ಕಿಬಿದ್ದು ಶಿಕ್ಷೆಯಾದರೆ ದಂಡ 15,000, ಜೈಲು 2 ವರ್ಷದವರೆಗೆ. ಡಿಎಲ್ ಅನ್ನು ಕೋರ್ಟೇ ರದ್ದುಪಡಿಸುತ್ತದೆ.

ಹಾಗಾಗಿ ಒಪ್ಪಿಕೊಳ್ಳುವ ಮೊದಲು ಯಂತ್ರದ ಮುದ್ರಿತ ಚೀಟಿಯನ್ನು ಒಮ್ಮೆ ಓದಿ. ಹೆಸರು, ವಾಹನ ಸಂಖ್ಯೆ, ಸಮಯ ನಿಮ್ಮವೇ? ಊದುವ ಕೊಳವೆ ಹೊಸದಾಗಿತ್ತೇ? ಊದುವ ಮುನ್ನ ಯಂತ್ರ ಸೊನ್ನೆ ತೋರಿಸಿತ್ತೇ? ಕೊನೆಯ ಗುಟುಕು ಕುಡಿದ ಕೆಲವೇ ನಿಮಿಷಗಳಲ್ಲಿ ಊದಿದರೆ ಬಾಯಲ್ಲಿ ಉಳಿದ ಮದ್ಯದಿಂದ ಅಂಕಿ ಏರುತ್ತದೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ. 34 ಬಂದವರಿಗೆ ಈ ವಾದಕ್ಕೆ ಬಲವಿದೆ, 72 ಬಂದವರಿಗೆ ಅಷ್ಟಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಊದಲು ಒಪ್ಪದಿದ್ದರೆ ತಪ್ಪಿಸಿಕೊಳ್ಳಬಹುದು ಎಂದು ಸ್ನೇಹಿತರು ಹೇಳಿದ್ದರೆ ಅದೂ ಸುಳ್ಳು: ಸಕಾರಣವಿಲ್ಲದ ನಿರಾಕರಣೆಯನ್ನು ಕೋರ್ಟ್ ನಿಮ್ಮ ವಿರುದ್ಧವೇ ಪರಿಗಣಿಸಬಹುದು.

ಸ್ಕೂಟರ್ ಠಾಣೆಯಲ್ಲಿದ್ದರೆ ಬಿಡಿಸಿಕೊಳ್ಳಲು ಹೋಗುವಾಗ ಡಿಎಲ್ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಗೆ ಅವರೇ ಓಡಿಸಲಿ.