ಬದು ಒಂದೇ ಕಡೆ ಒಡೆಯುತ್ತಿದ್ದರೆ

“ಕೆಂಪು ಮಣ್ಣಿನ ಇಳಿಜಾರು ಹೊಲ. ಜೋರು ಮಳೆಗೆ ಬದು ಪ್ರತಿ ಸಲ ಒಂದೇ ಜಾಗದಲ್ಲಿ ಒಡೆಯುತ್ತೆ. ಎತ್ತರ ಮಾಡಿಸಲಾ?”

ಬೇಡ ಸರ್. ಇನ್ನಷ್ಟು ನೀರು ನಿಂತು ಒಡೆದರೆ ಕೊರಕಲು ದೊಡ್ಡದಾಗುತ್ತೆ, ಅಷ್ಟೆ. ಬಹುಶಃ ಗಡಿ ನೋಡಿಕೊಂಡು ನೇರವಾಗಿ ಹಾಕಿಸಿದ್ದೀರಿ, ಒಡೆಯುವ ಜಾಗವೇ ತಗ್ಗು. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ಬದುವಿನ ಬುಡದುದ್ದಕ್ಕೂ ಮಟ್ಟ ನೋಡಿ, ತಿಳಿಯುತ್ತೆ. ಸಮಮಟ್ಟದ ಗೆರೆ ಸೊಟ್ಟಗಿರುತ್ತೆ. ತಗ್ಗಿನಲ್ಲಿ ಮೇಲ್ಗಡೆಗೆ ಬಾಗುತ್ತೆ. ಬದುವೂ ಹಾಗೇ ಬಾಗಲಿ.

ಹೆಚ್ಚಾದ ನೀರಿಗೆ ಕಲ್ಲಿನ ಕೋಡಿ ಬೇಕೇ ಬೇಕು. ಅದರ ಹೊಸ್ತಿಲು ಬದುವಿನ ತಲೆಗಿಂತ ಸುಮಾರು ಒಂದಡಿ ಕೆಳಗಿರಲಿ. ನೀರು ಬೀಳುವ ಕಡೆ ದಪ್ಪ ಕಲ್ಲು ಹಾಸಿ. ಇಲ್ಲದಿದ್ದರೆ ಅಲ್ಲೇ ಗುಂಡಿ ಕೊರೆದು ಕೋಡಿಯೇ ಕುಸಿಯುತ್ತೆ.

ಉಳುಮೆ, ಬಿತ್ತನೆ ಎರಡೂ ಬದುವಿಗೆ ಸಮಾನಾಂತರ. ಟ್ರ್ಯಾಕ್ಟರಿನವರು ಉದ್ದ ಸಾಲು ಸಿಗುತ್ತೆ ಅಂತ ಇಳಿಜಾರಿನುದ್ದಕ್ಕೆ ಹೊಡೆಯುತ್ತಾರೆ, ಬಿಡಬೇಡಿ.